100ರಿಂದ 110ರವರೆಗಿನ ಒಂದು ಅಂದಾಜು: ಬುಲ್ ಕಾಲ್ ಸ್ಪ್ರೆಡ್‌ನ ಪ್ರಕರಣ ಅಧ್ಯಯನ

ಷೇರಿನ ಬೆಲೆ 100. ಇಪ್ಪತ್ತು ದಿನದೊಳಗೆ ಕಂಪನಿಯ ತ್ರೈಮಾಸಿಕ ಫಲಿತಾಂಶ ಬರಲಿದೆ. ಈ ಪ್ರಕರಣದ ಟ್ರೇಡರ್ ಹಲವು ತಿಂಗಳಿಂದ ಈ ಕಂಪನಿಯನ್ನು ಹಿಂಬಾಲಿಸಿಕೊಂಡು ಬಂದವರು. ಫಲಿತಾಂಶ ಚೆನ್ನಾಗಿರುತ್ತದೆ, ಷೇರು 110ರ ಹತ್ತಿರ ಹೋಗುತ್ತದೆ ಎಂಬುದು ಅವರ ಅಂದಾಜು. 110ರಿಂದ ಆಚೆಗೆ ಏನಾಗಬಹುದು ಎಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಅಲ್ಲಿ ಹಿಂದೆ ಎರಡು ಸಲ ಮಾರಾಟಗಾರರು ಬೆಲೆಯನ್ನು ತಡೆದಿದ್ದರು, ಅದನ್ನು ದಾಟಿಸುವಂಥ ಕಾರಣ ಅವರಿಗೆ ಕಾಣುತ್ತಿರಲಿಲ್ಲ. ಉತ್ತರ ಇಲ್ಲದ ಆ ಭಾಗವೇ ಈ ಇಡೀ ವಹಿವಾಟಿನ ಬೀಜ ಎಂದು ನನಗನ್ನಿಸುತ್ತದೆ.

ಲೆಕ್ಕ ಸುಲಭವಾಗಲೆಂದು ಎಲ್ಲ ಬೆಲೆಗಳನ್ನೂ 100ರ ಅಳತೆಗೆ ಹೊಂದಿಸಿದ್ದೇನೆ, ಕರೆನ್ಸಿಯ ಹೆಸರು ಹಾಕಿಲ್ಲ. ಒಂದು ಕಾಂಟ್ರ್ಯಾಕ್ಟ್ ಎಂದರೆ 100 ಷೇರು. ಈ ಷೇರಿಗೆ ಡಿವಿಡೆಂಡ್ ಇಲ್ಲ, ಬಡ್ಡಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆಪ್ಷನ್‌ಗಳು ಅಮೆರಿಕನ್ ಶೈಲಿಯವು, ಅಂದರೆ ಕೊಂಡವರು ಆಪ್ಷನ್‌ನ ಅವಧಿ ಮುಗಿಯುವ ದಿನವಾದ ಎಕ್ಸ್‌ಪೈರಿಗೆ ಮೊದಲೇ ಯಾವ ದಿನ ಬೇಕಾದರೂ ಹಕ್ಕು ಚಲಾಯಿಸಬಹುದು. ಚಲಾಯಿಸಿದಾಗ ಷೇರುಗಳೇ ಕೈ ಬದಲಾಯಿಸುತ್ತವೆ.

ಎಕ್ಸ್‌ಪೈರಿಗೆ 45 ದಿನ ಇದೆ. 100ರ ಕಾಲ್ ಆಪ್ಷನ್‌ಗೆ, ಅಂದರೆ ಷೇರನ್ನು 100ಕ್ಕೆ ಕೊಳ್ಳುವ ಹಕ್ಕಿಗೆ, ಸುಮಾರು 5.60 ಪ್ರೀಮಿಯಂ. ಅದನ್ನೊಂದೇ ಕೊಂಡರೆ ಎಕ್ಸ್‌ಪೈರಿಯ ದಿನ ಷೇರು 105.60 ದಾಟಿದ ಮೇಲಷ್ಟೇ ಲಾಭ ಶುರು. ಅಂದರೆ ಅವರು ನಿರೀಕ್ಷಿಸಿದ 10ರ ಏರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪ್ರೀಮಿಯಂ ತೀರಿಸುವುದಕ್ಕೇ ಹೋಗುತ್ತದೆ. ಈ ಪ್ರೀಮಿಯಂ ಇಷ್ಟು ದುಬಾರಿಯಾಗಲು ಕಾರಣ ಫಲಿತಾಂಶ. ಆ ದಿನ ಬೆಲೆ ಜಿಗಿಯಬಹುದು ಅಥವಾ ಕುಸಿಯಬಹುದು ಎಂದು ಮಾರುಕಟ್ಟೆಗೆ ಗೊತ್ತು, ಹಾಗಾಗಿ ಇಂಪ್ಲೈಡ್ ವೊಲಾಟಿಲಿಟಿ, ಅಂದರೆ ಆಪ್ಷನ್ ಬೆಲೆಯಲ್ಲಿ ಅಡಗಿರುವ ಏರಿಳಿತದ ನಿರೀಕ್ಷೆ, ಶೇ 40ರಷ್ಟು ಇತ್ತು. ಫಲಿತಾಂಶ ಹೊರಬಿದ್ದ ಮರುಕ್ಷಣವೇ ಆ ಅನಿಶ್ಚಿತತೆ ಕರಗುತ್ತದೆ, ಜೊತೆಗೆ ಪ್ರೀಮಿಯಂನ ಒಂದು ಭಾಗವೂ ಕರಗುತ್ತದೆ. ದಿಕ್ಕು ಸರಿಯಾಗಿ ಊಹಿಸಿದ ಮೇಲೂ ಕಾಲ್ ಕೊಂಡವರು ನಷ್ಟ ಮಾಡಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಅವರು 100ರ ಕಾಲ್ ಕೊಂಡು, ಅದೇ ಎಕ್ಸ್‌ಪೈರಿಯ 110ರ ಕಾಲ್ ಅನ್ನು ಮಾರಿದರು. 110ರ ಕಾಲ್‌ಗೆ ಸುಮಾರು 2.20 ಬೆಲೆ ಇತ್ತು. ಒಂದೇ ಎಕ್ಸ್‌ಪೈರಿ, ಒಂದೇ ಬಗೆಯ ಆಪ್ಷನ್, ಎರಡು ಬೇರೆ ಸ್ಟ್ರೈಕ್, ಅಂದರೆ ಹಕ್ಕಿನ ನಿಗದಿತ ಬೆಲೆ: ವರ್ಟಿಕಲ್ ಸ್ಪ್ರೆಡ್ ಎಂದರೆ ಇಷ್ಟೇ. ಏರಿಕೆಯ ನಿರೀಕ್ಷೆಗೆ ಕಾಲ್‌ಗಳಲ್ಲಿ ಹೀಗೆ ಮಾಡಿದರೆ ಬುಲ್ ಕಾಲ್ ಸ್ಪ್ರೆಡ್. ಇಳಿಕೆಯ ನಿರೀಕ್ಷೆಗೆ ಮೇಲಿನ ಸ್ಟ್ರೈಕ್‌ನ ಪುಟ್, ಅಂದರೆ ಷೇರು ಮಾರುವ ಹಕ್ಕು, ಕೊಂಡು ಕೆಳಗಿನ ಸ್ಟ್ರೈಕ್‌ನ ಪುಟ್ ಮಾರಿದರೆ ಬೇರ್ ಪುಟ್ ಸ್ಪ್ರೆಡ್, ಲೆಕ್ಕವೆಲ್ಲ ತಿರುವುಮುರುವು ಅಷ್ಟೆ.

ಮಾರುವ ಸ್ಟ್ರೈಕ್ 110 ಯಾಕೆ? 110ರ ಕಾಲ್ ಮಾರುವುದೆಂದರೆ 110ರ ಆಚೆಗಿನ ಏರಿಕೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಅದಕ್ಕೆ ಹಣ ಪಡೆಯುವುದು. ಆ ಏರಿಕೆಯ ಬಗ್ಗೆ ಇವರಿಗೆ ಅಭಿಪ್ರಾಯವೇ ಇಲ್ಲದಿದ್ದಾಗ ಅದಕ್ಕೆ ಹಣ ಕೊಟ್ಟು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. 105ರ ಕಾಲ್ ಮಾರಿದ್ದರೆ ಸ್ಪ್ರೆಡ್ ಸುಮಾರು 2ಕ್ಕೆ ಸಿಗುತ್ತಿತ್ತು. ಆದರೆ ಗರಿಷ್ಠ ಲಾಭ 3. ತಾವೇ ನಂಬಿದ ಏರಿಕೆಯ ಅರ್ಧವನ್ನು ಅಗ್ಗಕ್ಕೆ ಮಾರಿದಂತಾಗುತ್ತಿತ್ತು. 105ರ ಕಾಲ್ ಕೊಂಡು 115ರದ್ದನ್ನು ಮಾರಿದ್ದರೆ ಖರ್ಚು 2.30ರ ಆಸುಪಾಸು, ಗರಿಷ್ಠ ಲಾಭ 7.70. ಕೇಳಲು ಆಕರ್ಷಕ. ಆದರೆ ಅವರ ಅಂದಾಜಿನಂತೆ ಷೇರು ಸರಿಯಾಗಿ 110ಕ್ಕೆ ಬಂದು ನಿಂತರೆ ಆ ಸ್ಪ್ರೆಡ್ ಅಂತ್ಯದಲ್ಲಿ ಬರೀ 5 ಬೆಲೆಬಾಳುತ್ತದೆ. 7.70 ಕೈಗೆ ಬರಬೇಕಾದರೆ ಅವರು ಎಂದೂ ಹೇಳದ 115 ಬರಬೇಕು. ಸ್ಪ್ರೆಡ್ ಆರಿಸುವಾಗ ಲಾಭ-ನಷ್ಟದ ಅನುಪಾತವೊಂದನ್ನೇ ನೋಡುವವರು ಇಲ್ಲಿ ಮೋಸಹೋಗುತ್ತಾರೆ. ಅನುಪಾತ ಚೆನ್ನಾಗಿ ಕಾಣುವಲ್ಲಿ ಅದು ಕೈಗೂಡುವ ಸಾಧ್ಯತೆ ಕಡಿಮೆ ಇರುತ್ತದೆ.

ಆರ್ಡರ್ ಹಾಕಿದ ರೀತಿಯನ್ನೂ ನೋಡಬೇಕು. ಪರದೆಯ ಮೇಲೆ 100ರ ಕಾಲ್‌ಗೆ ಬಿಡ್ 5.45, ಆಸ್ಕ್ 5.75. 110ರ ಕಾಲ್‌ಗೆ ಬಿಡ್ 2.05, ಆಸ್ಕ್ 2.30. ಒಂದನ್ನು ಆಸ್ಕ್‌ಗೆ ಕೊಂಡು ಇನ್ನೊಂದನ್ನು ಬಿಡ್‌ಗೆ ಮಾರಿದರೆ ಸ್ಪ್ರೆಡ್‌ಗೆ 3.70 ತೆರಬೇಕು. ಎರಡರ ನಡುಬೆಲೆ ಹಿಡಿದರೆ 3.42. ಈ 0.28ರ ಅಂತರ ಚಿಕ್ಕದೆನಿಸಬಹುದು, ಆದರೆ ಹೊರಬರುವಾಗಲೂ ಇಂಥದ್ದೇ ಅಂತರ ಕಾಯುತ್ತಿರುತ್ತದೆ. ಎರಡೂ ಸೇರಿದರೆ 3.50ರ ಹೂಡಿಕೆಯಲ್ಲಿ ಆರರಲ್ಲೊಂದು ಪಾಲು ಹೋಗುತ್ತದೆ, ಬ್ರೋಕರೇಜ್ ಬೇರೆ. ಅವರು ಎರಡೂ ಲೆಗ್‌ಗಳನ್ನು, ಅಂದರೆ ಕೊಳ್ಳುವ ಮತ್ತು ಮಾರುವ ಕಾಲ್‌ಗಳನ್ನು, ಒಂದೇ ಸ್ಪ್ರೆಡ್ ಆರ್ಡರ್ ಆಗಿ 3.42ರ ಲಿಮಿಟ್‌ನಲ್ಲಿ ಹಾಕಿದರು. ಸಿಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು 3.46, ಆಮೇಲೆ 3.50. ಅಲ್ಲಿ ಸಿಕ್ಕಿತು. ಒಂದೊಂದೇ ಲೆಗ್ ಆಗಿ ಹಾಕಿದ್ದರೆ ಮೊದಲನೆಯದು ಸಿಕ್ಕು ಎರಡನೆಯದು ಸಿಗುವಷ್ಟರಲ್ಲಿ ಬೆಲೆ ಜಾರಿಬಿಡಬಹುದಿತ್ತು. ಮಾರುವ ಲೆಗ್ ಮೊದಲು ಆಗಿಬಿಟ್ಟರಂತೂ ಅಷ್ಟು ಹೊತ್ತು ಮಿತಿಯಿಲ್ಲದ ಅಪಾಯವನ್ನು ಹೊತ್ತು ಕೂತಂತೆ.

ಈಗ ಚಿತ್ರ ಸ್ಪಷ್ಟ. ಒಂದು ಸ್ಪ್ರೆಡ್‌ಗೆ 350 ಖರ್ಚು, ಎಕ್ಸ್‌ಪೈರಿಯಲ್ಲಿ ಷೇರು 100 ಅಥವಾ ಅದಕ್ಕಿಂತ ಕೆಳಗಿದ್ದರೆ ಅಷ್ಟೂ ನಷ್ಟ. 110 ಅಥವಾ ಮೇಲಿದ್ದರೆ ಸ್ಪ್ರೆಡ್‌ನ ಬೆಲೆ 10, ಲಾಭ 650. ನಡುವೆ 103.50 ಬ್ರೇಕ್‌ಈವನ್. ಒಂಟಿ ಕಾಲ್‌ಗಿಂತ ಬ್ರೇಕ್‌ಈವನ್ ಎರಡು ಅಂಶಕ್ಕೂ ಹೆಚ್ಚು ಕೆಳಗಿಳಿದಿದೆ. ಶೇ 40ರ ವೊಲಾಟಿಲಿಟಿಯ ಪ್ರಕಾರವೇ ಲೆಕ್ಕ ಹಾಕಿದರೆ ಅಂತ್ಯದಲ್ಲಿ ಷೇರು 105.60 ದಾಟುವ ಸಾಧ್ಯತೆ ಮೂರರಲ್ಲೊಂದರ ಆಸುಪಾಸು, 103.50 ದಾಟುವ ಸಾಧ್ಯತೆ ಶೇ 38ರ ಹತ್ತಿರ. ಅದೇ ಲೆಕ್ಕದ ಪ್ರಕಾರ ಷೇರು 100ರ ಕೆಳಗೆ ನಿಂತು ಹಾಕಿದ ಹಣವೆಲ್ಲ ಹೋಗುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚೇ. ನಷ್ಟಕ್ಕೆ ಮಿತಿ ಇದೆ ಎಂದ ಮಾತ್ರಕ್ಕೆ ನಷ್ಟ ಅಪರೂಪ ಎಂದೇನಲ್ಲ, ಇಲ್ಲಿ ಪೂರ್ಣ ನಷ್ಟವೇ ಅತಿ ಸಾಮಾನ್ಯ ಫಲ.

ಹಾಗಾಗಿ ಎಷ್ಟು ಸ್ಪ್ರೆಡ್ ಕೊಳ್ಳಬೇಕೆಂಬುದನ್ನು ಅವರು ಪೂರ್ಣ ನಷ್ಟ ಖಚಿತ ಎಂದುಕೊಂಡೇ ತೀರ್ಮಾನಿಸಿದರು. ಖಾತೆಯಲ್ಲಿದ್ದದ್ದು 50,000. ಒಂದು ಅಂದಾಜಿನ ಮೇಲೆ ಕಳೆದುಕೊಳ್ಳಲು ಸಿದ್ಧವಿದ್ದದ್ದು ಶೇ 2, ಅಂದರೆ 1,000. 350ರಂತೆ ಎರಡು ಸ್ಪ್ರೆಡ್‌ಗೆ 700 ಆಯಿತು, ಮೂರಕ್ಕೆ 1,050 ಆಗುವುದರಿಂದ ಎರಡಕ್ಕೇ ನಿಲ್ಲಿಸಿದರು. ಸ್ಪ್ರೆಡ್ ಅಗ್ಗವೆಂದು ಐದು, ಹತ್ತು ಕೊಳ್ಳುವವರು ಉಳಿಸಿದ ಅಪಾಯವನ್ನೆಲ್ಲ ಹಿಂಬಾಗಿಲಿನಿಂದ ಮತ್ತೆ ಒಳಗೆ ತಂದುಕೊಳ್ಳುತ್ತಾರೆ.

ಮೊದಲ ಇಪ್ಪತ್ತು ದಿನ ಷೇರು ಅಲ್ಲಲ್ಲೇ ಓಲಾಡಿತು. ಈ ಅವಧಿಯಲ್ಲೂ ಒಂದು ವ್ಯತ್ಯಾಸ ನಡೆಯುತ್ತಲೇ ಇತ್ತು. ಶುರುವಿನಲ್ಲಿ 100ರ ಕಾಲ್ ಒಂಟಿಯಾಗಿದ್ದರೆ ದಿನಕ್ಕೆ 0.06ರಷ್ಟು ಸವೆಯುತ್ತದೆ, ಸ್ಪ್ರೆಡ್ ಸವೆಯುವುದು 0.01. ಮಾರಿದ ಕಾಲ್ ಕೂಡ ಸವೆಯುತ್ತಿರುತ್ತದಲ್ಲ, ಆ ಸವೆತ ಇವರ ಪರವಾಗಿ ಬರುತ್ತದೆ. ವೊಲಾಟಿಲಿಟಿಯ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಅದು ಒಂದು ಅಂಶ ಇಳಿದರೆ ಒಂಟಿ ಕಾಲ್ 0.14 ಕಳೆದುಕೊಳ್ಳುತ್ತದೆ, ಸ್ಪ್ರೆಡ್ 0.02 ಮಾತ್ರ. ಖರ್ಚು ಕಡಿಮೆ ಎಂಬುದನ್ನೇ ಸ್ಪ್ರೆಡ್‌ನ ದೊಡ್ಡ ಗುಣವಾಗಿ ಹೇಳುವುದು ರೂಢಿ. ಫಲಿತಾಂಶದ ಹಿಂದೆಮುಂದೆ ಮಾಡುವ ವಹಿವಾಟಿನಲ್ಲಿ ಈ ಎರಡನೆಯ ಗುಣವೇ ಹೆಚ್ಚು ತೂಕದ್ದು ಎನ್ನುವುದು ನನ್ನ ಅಭಿಪ್ರಾಯ.

ಫಲಿತಾಂಶ ಬಂತು. ಷೇರು 106ಕ್ಕೆ ಏರಿತು, ವೊಲಾಟಿಲಿಟಿ 40ರಿಂದ 25ಕ್ಕೆ ಇಳಿಯಿತು. ಎಕ್ಸ್‌ಪೈರಿಗೆ ಇನ್ನೂ 25 ದಿನ. 100ರ ಕಾಲ್‌ನ ಬೆಲೆ 6.70ರ ಹತ್ತಿರ, 110ರದ್ದು 1.25. ಸ್ಪ್ರೆಡ್‌ನ ನಡುಬೆಲೆ 5.45, ನಿಜವಾಗಿ ಮಾರಿದರೆ ಸಿಗುವುದು 5.35. ಅಂದರೆ 3.50ರ ಮೇಲೆ 1.85 ಲಾಭ, ಶೇ 50ಕ್ಕಿಂತ ಹೆಚ್ಚು. ಅದೇ ಒಂಟಿ ಕಾಲ್ ಅನ್ನು 5.70ಕ್ಕೆ ಕೊಂಡಿದ್ದವರು 6.60ಕ್ಕೆ ಮಾರಿ ಶೇ 16ರಷ್ಟು ಲಾಭ ನೋಡುತ್ತಿದ್ದರು. ಷೇರು ಶೇ 6 ಏರಿದ ದಿನವೇ ಹೀಗೆ.

ಅದೇ ದಿನ ಷೇರು 102ಕ್ಕೆ ಮಾತ್ರ ಏರಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದಾಗ ವ್ಯತ್ಯಾಸ ಇನ್ನಷ್ಟು ಕಣ್ಣಿಗೆ ಹೊಡೆಯುತ್ತದೆ. ಒಂಟಿ ಕಾಲ್ 3.70ಕ್ಕೆ ಕುಸಿದು ಹಾಕಿದ ಹಣದ ಮೂರನೇ ಒಂದಂಶಕ್ಕಿಂತ ಹೆಚ್ಚು ಹೋಗುತ್ತಿತ್ತು. ಸ್ಪ್ರೆಡ್ 3.25ರ ಹತ್ತಿರ ನಿಲ್ಲುತ್ತಿತ್ತು, ನಷ್ಟ 0.25. ಷೇರು 92ಕ್ಕೆ ಬಿದ್ದಿದ್ದರೆ ಎರಡೂ ಹೆಚ್ಚುಕಡಿಮೆ ಸತ್ತಂತೆ, ಆದರೆ ಒಂದು ಕಡೆ ಹೋಗುತ್ತಿದ್ದದ್ದು 5.40, ಇನ್ನೊಂದು ಕಡೆ 3.25. ಹಾಗೆ ಬಿದ್ದಾಗ ಕೆಲವರು ಕೊಂಡ ಲೆಗ್‌ನಲ್ಲಿ ಉಳಿದಿರುವ ಚೂರುಪಾರನ್ನು ಉಳಿಸಿಕೊಳ್ಳಲು ಅದನ್ನು ಮಾತ್ರ ಮಾರಿ, ಮಾರಿದ ಲೆಗ್ ತಾನಾಗಿ ಸತ್ತುಹೋಗಲಿ ಎಂದು ಬಿಡುತ್ತಾರೆ. ಆ ಕ್ಷಣದಿಂದ ಅವರ ಬಳಿ ಸ್ಪ್ರೆಡ್ ಇಲ್ಲ, ಮೇಲ್ಮಿತಿಯಿಲ್ಲದ ನಷ್ಟದ ಬರಿಯ ಕಾಲ್ ಮಾರಾಟ ಇದೆ. ಮಾರ್ಜಿನ್ ಬೇಡಿಕೆ ಒಮ್ಮೆಲೇ ಏರಿದ್ದನ್ನು ನೋಡಿದಾಗ ಮಾತ್ರ ಹಲವರಿಗೆ ಇದು ತಿಳಿಯುತ್ತದೆ.

ಇನ್ನೊಂದು ದಿಕ್ಕಿನ ಬೆಲೆಯನ್ನೂ ಹೇಳಲೇಬೇಕು. ಷೇರು 118ಕ್ಕೆ ಜಿಗಿದಿದ್ದರೆ ಒಂಟಿ ಕಾಲ್ 18ಕ್ಕೆ ಹೋಗಿ 12ಕ್ಕಿಂತ ಹೆಚ್ಚು ಲಾಭ ಕೊಡುತ್ತಿತ್ತು. ಸ್ಪ್ರೆಡ್‌ನಲ್ಲಿ ಸಿಗುತ್ತಿದ್ದದ್ದು 6ರ ಆಸುಪಾಸು. ಅದೂ ಪೂರ್ತಿ 6.50 ಆ ದಿನವೇ ಸಿಗುತ್ತಿರಲಿಲ್ಲ. ಷೇರು 110ನ್ನು ಎಂಟು ಅಂಶ ದಾಟಿದ್ದರೂ ಸ್ಪ್ರೆಡ್‌ನ ಬೆಲೆ 9.50ರ ಹತ್ತಿರವೇ ಇರುತ್ತಿತ್ತು. ಮಾರಿದ ಕಾಲ್‌ನಲ್ಲಿ 25 ದಿನದ ಟೈಮ್ ವ್ಯಾಲ್ಯೂ, ಅಂದರೆ ಬಾಕಿ ಇರುವ ಸಮಯಕ್ಕೆ ತೆರುವ ಬೆಲೆ, ಇನ್ನೂ ಉಳಿದಿರುತ್ತದೆ, ಅದು ಸವೆಯುವವರೆಗೆ ಸ್ಪ್ರೆಡ್ 10 ಮುಟ್ಟುವುದಿಲ್ಲ. ಗುರಿ ಮುಟ್ಟಿದರೂ ಪರದೆಯಲ್ಲಿ ಗರಿಷ್ಠ ಲಾಭ ಯಾಕೆ ಕಾಣುತ್ತಿಲ್ಲ ಎಂದು ಗಾಬರಿಯಾಗುವವರಿಗೆ ಉತ್ತರ ಇದು. ದೊಡ್ಡ ಜಿಗಿತವನ್ನೇ ನಿರೀಕ್ಷಿಸುವವರಿಗೆ, ಎಲ್ಲಿ ನಿಲ್ಲುತ್ತದೆಂಬ ಅಂದಾಜೇ ಇಲ್ಲದವರಿಗೆ ಸ್ಪ್ರೆಡ್ ಸರಿಯಾದ ಉಪಕರಣವಲ್ಲ.

106ರಲ್ಲಿ ಏನು ಮಾಡಬೇಕು? ಟ್ರೇಡರ್ ಕೇಳಿಕೊಂಡ ಪ್ರಶ್ನೆ ನನಗೆ ಹಿಡಿಸಿತು: ಕೈಯಲ್ಲಿ ಏನೂ ಇಲ್ಲದಿದ್ದರೆ, ಇವತ್ತು 5.35 ಕೊಟ್ಟು ಇದೇ ಸ್ಪ್ರೆಡ್ ಕೊಳ್ಳುತ್ತಿದ್ದೆನೇ? 5.35 ಪಣಕ್ಕಿಟ್ಟರೆ ಸಿಗಬಹುದಾದದ್ದು ಇನ್ನು 4.65. ಅನುಪಾತ ಮೊದಲಿನಷ್ಟು ಚೆನ್ನಾಗಿಲ್ಲ, ಆದರೆ ಷೇರು ಈಗ 105.35ರ ಮೇಲೇ ಇದೆ, ಅಂದರೆ ಅಲ್ಲಾಡದೆ ನಿಂತರೂ ಹೊಸ ಬ್ರೇಕ್‌ಈವನ್‌ಗಿಂತ ಮೇಲೆ. ಸಮಯವೂ ಈಗ ಇವರ ಕಡೆಗೆ ತಿರುಗಿದೆ: ಷೇರು ಎರಡು ಸ್ಟ್ರೈಕ್‌ಗಳ ನಡುಮಧ್ಯವನ್ನು ದಾಟಿ ಮೇಲಕ್ಕೆ ಹೋದಂತೆ, ಮಾರಿದ ಲೆಗ್‌ನ ಸವೆತ ಕೊಂಡ ಲೆಗ್‌ನ ಸವೆತವನ್ನು ಮೀರುತ್ತದೆ. ಅವರು ಒಂದು ಸ್ಪ್ರೆಡ್ ಅನ್ನು 5.35ಕ್ಕೆ ಮುಚ್ಚಿದರು, ಇನ್ನೊಂದನ್ನು ಇಟ್ಟುಕೊಂಡರು. ಮೊದಲನೆಯದರಿಂದ ಬಂದ 535ರಲ್ಲಿ ಒಟ್ಟು ಹೂಡಿಕೆಯ ಮುಕ್ಕಾಲು ಪಾಲು ವಾಪಸ್ ಬಂದಿತ್ತು. ಒಟ್ಟು ಕಳೆದುಕೊಳ್ಳಬಹುದಾದ ಗರಿಷ್ಠ ಈಗ 165.

ಇದೇ ಸ್ಪ್ರೆಡ್ ಡಿವಿಡೆಂಡ್ ಕೊಡುವ ಷೇರಿನ ಮೇಲಿದ್ದರೆ ಉಳಿದ ದಿನಗಳಲ್ಲಿ ಇನ್ನೊಂದು ಕಣ್ಣು ತೆರೆದಿರಬೇಕಾಗುತ್ತಿತ್ತು. ಷೇರು 112.50ರಲ್ಲಿದೆ, ನಾಳೆ ಎಕ್ಸ್-ಡಿವಿಡೆಂಡ್, ಡಿವಿಡೆಂಡ್ 1.00 ಎಂದುಕೊಳ್ಳಿ. 110ರ ಕಾಲ್ ಕೊಂಡವರು ಇವತ್ತೇ ಹಕ್ಕು ಚಲಾಯಿಸಿ ಷೇರು ಪಡೆದರೆ ಆ 1.00 ಅವರದ್ದು. ಬದಲಿಗೆ ಅವರು ಬಿಟ್ಟುಕೊಡುವುದು ಆಪ್ಷನ್‌ನಲ್ಲಿ ಉಳಿದಿರುವ ಟೈಮ್ ವ್ಯಾಲ್ಯೂ. ಅದನ್ನು ಅಳೆಯಲು ಒಂದು ಸುಲಭ ಗುರುತಿದೆ, ಅದೇ ಸ್ಟ್ರೈಕ್, ಅದೇ ಎಕ್ಸ್‌ಪೈರಿಯ ಪುಟ್‌ನ ಬೆಲೆ. 110ರ ಪುಟ್ 0.80ಕ್ಕೆ ಸಿಗುತ್ತಿದ್ದರೆ, ಡಿವಿಡೆಂಡ್ ಅದಕ್ಕಿಂತ ದೊಡ್ಡದು, ಹಾಗಾಗಿ ಅಸೈನ್ಮೆಂಟ್, ಅಂದರೆ ಕಾಲ್ ಮಾರಿದವರು ಷೇರು ಒಪ್ಪಿಸಬೇಕೆಂಬ ಕರೆ, ಬರುವುದು ಬಹುತೇಕ ಖಚಿತ. ಬಂದರೆ ಮರುದಿನ ಖಾತೆಯಲ್ಲಿ 100 ಷೇರು ಶಾರ್ಟ್, ಅಂದರೆ ಕೈಯಲ್ಲಿಲ್ಲದೆ ಮಾರಿದ ಬಾಕಿ, ಇರುತ್ತದೆ, ಮೇಲಿಂದ 100 ಡಿವಿಡೆಂಡ್ ತಾವೇ ತುಂಬಿಕೊಡಬೇಕು. 650ರ ಗರಿಷ್ಠ ಲಾಭದಲ್ಲಿ ಅದು ದೊಡ್ಡ ತುಂಡು. ಎಕ್ಸ್-ದಿನದ ಹಿಂದಿನ ಸಂಜೆಯೊಳಗೆ ಇಡೀ ಸ್ಪ್ರೆಡ್ ಮುಚ್ಚಿಬಿಡುವುದೇ ಇದಕ್ಕೆ ಪರಿಹಾರ. ಯುರೋಪಿಯನ್ ಶೈಲಿಯ ಆಪ್ಷನ್‌ಗಳಲ್ಲಿ ಮೊದಲೇ ಹಕ್ಕು ಚಲಾಯಿಸಲಾಗದ ಕಾರಣ ಈ ತೊಂದರೆ ಇಲ್ಲ.

ನಮ್ಮ ಪ್ರಕರಣದಲ್ಲಿ ಡಿವಿಡೆಂಡ್ ಇರಲಿಲ್ಲ. ಆದರೆ ಕೊನೆಯ ದಿನ ಷೇರು ಬಂದು ನಿಂತದ್ದು ಸ್ಪ್ರೆಡ್‌ಗೆ ಅತ್ಯಂತ ತೊಡಕಿನ ಜಾಗದಲ್ಲಿ: 109.70. ಶುಕ್ರವಾರ, ಮಾರುಕಟ್ಟೆ ಮುಚ್ಚಲು ಕೆಲವು ಗಂಟೆ ಬಾಕಿ. ಉಳಿದ ಸ್ಪ್ರೆಡ್‌ಗೆ 9.45 ಸಿಗುತ್ತಿತ್ತು. ಸುಮ್ಮನೆ ಬಿಟ್ಟರೆ, ಷೇರು ಅಲ್ಲೇ ನಿಂತಲ್ಲಿ 9.70, ಸ್ವಲ್ಪ ಮೇಲೆ ಹೋದರೆ 10. ಅಂದರೆ 25ರಿಂದ 55ರವರೆಗೆ ಹೆಚ್ಚುವರಿ ಹಣ, ಕಾಗದದ ಮೇಲೆ.

ಕಾಗದದಲ್ಲಿ ಕಾಣದ್ದು ಹೀಗಿದೆ. 109.70ಕ್ಕೆ ಮುಚ್ಚಿದರೆ 100ರ ಕಾಲ್ ತಾನಾಗಿ ಚಲಾವಣೆಯಾಗಿ 100 ಷೇರು ಖಾತೆಗೆ ಬರುತ್ತದೆ, 10,000 ಹಣ ಹೋಗುತ್ತದೆ. 110ರ ಕಾಲ್ ಏನೂ ಇಲ್ಲದೆ ಸಾಯುತ್ತದೆ. ಎರಡು ಲೆಗ್‌ಗಳ ಸ್ಪ್ರೆಡ್ ಇದ್ದಲ್ಲಿ ವಾರಾಂತ್ಯದುದ್ದಕ್ಕೂ ಯಾವ ರಕ್ಷಣೆಯೂ ಇಲ್ಲದ 100 ಷೇರು ಕೂತಿರುತ್ತದೆ. ಸೋಮವಾರ ಕೆಟ್ಟ ಸುದ್ದಿಯೊಂದಿಗೆ 95ಕ್ಕೆ ತೆರೆದರೆ ಷೇರಿನಲ್ಲಿ 500 ನಷ್ಟ, ಸ್ಪ್ರೆಡ್‌ಗೆ ಮೊದಲು ಕೊಟ್ಟ 350 ಸೇರಿ 850. ಗರಿಷ್ಠ ನಷ್ಟ 350 ಎಂದು ಬರೆದುಕೊಂಡು ಶುರುಮಾಡಿದ ವಹಿವಾಟು ಇದು. ಆ ಮಿತಿ ಎರಡೂ ಲೆಗ್ ಜೀವಂತ ಇರುವವರೆಗೆ ಮಾತ್ರ ನಿಜ, ಒಂದು ಲೆಗ್ ಷೇರಾಗಿ ಬದಲಾದ ಗಳಿಗೆಯಿಂದ ಅದಕ್ಕೆ ಅರ್ಥವಿಲ್ಲ. ಷೇರು ಮುಕ್ತಾಯದಲ್ಲಿ ಸರಿಯಾಗಿ 110ರ ಆಚೀಚೆ ಇದ್ದರೆ ಇನ್ನೂ ಗೊಂದಲ. ಮಾರುಕಟ್ಟೆ ಮುಚ್ಚಿದ ಮೇಲೂ ಕಾಲ್ ಕೊಂಡವರಿಗೆ ಹಕ್ಕು ಚಲಾಯಿಸಲು ಸ್ವಲ್ಪ ಸಮಯ ಇರುವ ಕಡೆ, ಅಸೈನ್ಮೆಂಟ್ ಬಂತೇ ಇಲ್ಲವೇ ಎಂಬುದು ಮಾರಿದವರಿಗೆ ಮರುದಿನದವರೆಗೆ ತಿಳಿಯುವುದೇ ಇಲ್ಲ. 10,000 ಹಣ ಖಾತೆಯಲ್ಲಿ ಇಲ್ಲದವರ ಪೊಸಿಷನ್ ಅನ್ನು ಬ್ರೋಕರ್ ತಾನೇ ಮುಚ್ಚಿಬಿಡುವುದೂ ಉಂಟು, ಅದೂ ಸಿಕ್ಕಿದ ಬೆಲೆಗೆ.

ಹಣದ ರೂಪದಲ್ಲಿ ಮಾತ್ರ ಇತ್ಯರ್ಥವಾಗುವ ಸೂಚ್ಯಂಕದ ಆಪ್ಷನ್ ಆಗಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, 9.70 ನೇರವಾಗಿ ಖಾತೆಗೆ ಬಂದು ಬೀಳುತ್ತಿತ್ತು. ಇದು ಷೇರು ಕೈ ಬದಲಾಯಿಸುವ ಕಾಂಟ್ರ್ಯಾಕ್ಟ್. 55ರ ಆಸೆಗೆ ಒಂದು ವಾರಾಂತ್ಯದ ಅಪಾಯ ಹೊರುವುದಿಲ್ಲ ಎಂದು ಅವರು ಎರಡೂ ಲೆಗ್‌ಗಳನ್ನು ಮತ್ತೆ ಒಂದೇ ಆರ್ಡರ್‌ನಲ್ಲಿ 9.45ಕ್ಕೆ ಮುಚ್ಚಿದರು. ಈ ಸ್ಪ್ರೆಡ್‌ನಿಂದ 595, ಮೊದಲನೆಯದರಿಂದ 185, ಬ್ರೋಕರೇಜ್ ಕಳೆಯುವ ಮುಂಚೆ 700ರ ಮೇಲೆ ಒಟ್ಟು 780 ಲಾಭ.